ಕತ್ತರಿಸಿ ಎಸೆಯುವ ಭಾಗದ ಒಂದು ಅಕ್ಷರ: ಇಂಟ್ರಾನ್, ಎಕ್ಸಾನ್, ಟೋಪಿ ಮತ್ತು ಬಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಪದವಿ ತರಗತಿಗಳಲ್ಲಿ, ರಾಯಚೂರು ಮತ್ತು ಕೊಪ್ಪಳದ ಕಡೆಯಿಂದ ಬರುವ ಪತ್ರಗಳಲ್ಲಿ, ಮಗುವಿನ ರಕ್ತಪರೀಕ್ಷೆಯ ವರದಿ ಹಿಡಿದು ಬರುವ ತಂದೆತಾಯಿಗಳ ಮಾತಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಉತ್ತರಗಳಿಗೆ ಉದಾಹರಣೆಯಾಗಿ ಒಂದೇ ಜೀನ್ ಇಟ್ಟುಕೊಂಡಿದ್ದೇನೆ. ಅದು ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯನ್ನು ಕೊಡುವ HBB. ಅಕ್ಷರಗಳನ್ನು ಡಿಎನ್‌ಎಯಲ್ಲಿ ಇರುವಂತೆಯೇ ಬರೆದಿದ್ದೇನೆ. ಆರ್‌ಎನ್‌ಎಯಲ್ಲಿ T ಇರುವ ಕಡೆಯೆಲ್ಲ U ಎಂದು ಓದಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಇಂಟ್ರಾನ್ ಯಾವುದು, ಎಕ್ಸಾನ್ ಯಾವುದು ಎಂಬುದು ಪ್ರತಿ ಸಲ ಅದಲುಬದಲಾಗುತ್ತದೆ ಸರ್. ಯಾವುದು ಉಳಿಯುತ್ತದೆ?

ಎಕ್ಸಾನ್ ಉಳಿಯುತ್ತದೆ, ಇಂಟ್ರಾನ್ ಹೋಗುತ್ತದೆ. HBB ಜೀನನ್ನು ಒಮ್ಮೆ ಅಳತೆ ಸಮೇತ ನೋಡಿದರೆ ಮರೆಯುವುದಿಲ್ಲ. ಅದರ ಉದ್ದ ಸುಮಾರು 1,600 ಅಕ್ಷರ. ಮೊದಲು 142 ಅಕ್ಷರದ ಎಕ್ಸಾನ್, ನಂತರ 130 ಅಕ್ಷರದ ಇಂಟ್ರಾನ್, ಆಮೇಲೆ 223ರ ಎಕ್ಸಾನ್, 850ರ ಇಂಟ್ರಾನ್, ಕೊನೆಗೆ ಸುಮಾರು 261ರ ಎಕ್ಸಾನ್. ಕೋಶಕೇಂದ್ರದಲ್ಲಿ ಈ ಇಡೀ ಸಾಲು ಮೊದಲು ಆರ್‌ಎನ್‌ಎಯಾಗಿ ನಕಲಾಗುತ್ತದೆ. ಈ ಹಸಿ ನಕಲನ್ನೇ ಪೂರ್ವ ಎಂಆರ್‌ಎನ್‌ಎ ಎನ್ನುತ್ತೇವೆ. ಅದರಿಂದ ಎರಡು ಇಂಟ್ರಾನ್‌ಗಳನ್ನು ತೆಗೆದು, ಮೂರು ಎಕ್ಸಾನ್‌ಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸವೇ ಸ್ಪ್ಲೈಸಿಂಗ್. ಕೊನೆಗೆ ಉಳಿಯುವುದು 626 ಅಕ್ಷರ. ಅಂದರೆ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಕೇಂದ್ರದ ಬಾಗಿಲು ದಾಟುವುದೇ ಇಲ್ಲ.

ಎಕ್ಸಾನ್ ಎಂದರೆ ಪ್ರೋಟೀನ್ ಆಗುವ ಭಾಗ ಎಂದು ಬರೆದರೆ ಅಂಕ ಸಿಗುತ್ತದೆಯೇ?

ಅಂಕ ಸಿಗಬಹುದು, ಆದರೆ ಮಾತು ಪೂರ್ತಿ ಸರಿಯಲ್ಲ. ಮೇಲಿನ 626 ಅಕ್ಷರಗಳಲ್ಲಿ ಪ್ರೋಟೀನಿಗೆ ಸಂಬಂಧಿಸಿದ್ದು 444 ಮಾತ್ರ, ನಿಲುಗಡೆಯ ಸಂಕೇತವೂ ಸೇರಿ. ಆರಂಭದ 50 ಮತ್ತು ಕೊನೆಯ ಸುಮಾರು 132 ಅಕ್ಷರಗಳು ಎಕ್ಸಾನ್‌ಗಳಲ್ಲೇ ಇದ್ದರೂ ಅಮೈನೋ ಆಮ್ಲಗಳಾಗುವುದಿಲ್ಲ. ಪಕ್ವವಾದ ಆರ್‌ಎನ್‌ಎಯಲ್ಲಿ ಉಳಿಯುವ ಭಾಗ ಎಕ್ಸಾನ್ ಎಂದು ಬರೆಯಿರಿ. ಅದು ಎಲ್ಲಿಯೂ ಕೈಕೊಡುವುದಿಲ್ಲ.

ಆರ್‌ಎನ್‌ಎಯ ಆರಂಭದ ತುದಿಗೆ ಟೋಪಿ ಏಕೆ? ಅದಿಲ್ಲದಿದ್ದರೆ ಏನು ನಷ್ಟ?

ಕೋಶದೊಳಗೆ ಆರ್‌ಎನ್‌ಎಯನ್ನು ತುದಿಯಿಂದ ಕಡಿಯುತ್ತಾ ಬರುವ ಕಿಣ್ವಗಳಿವೆ. ಬರಿಯ ತುದಿ ಸಿಕ್ಕರೆ ಅವು ಬಿಡುವುದಿಲ್ಲ. ಟೋಪಿ ಎಂಬುದು ಮೀಥೈಲ್ ಗುಂಪು ಅಂಟಿದ ಒಂದು ಗ್ವಾನೋಸಿನ್. ಅದು ಉಳಿದ ಅಕ್ಷರಗಳಂತೆ ಸಾಲಿಗೆ ಸೇರುವುದಿಲ್ಲ. ಮೂರು ಫಾಸ್ಫೇಟ್‌ಗಳ ಮೂಲಕ ತಲೆಕೆಳಗಾಗಿ, ಐದನೆಯ ಇಂಗಾಲಕ್ಕೆ ಐದನೆಯ ಇಂಗಾಲ ಎದುರಾಗಿ ಕೂರುತ್ತದೆ. ಕಡಿಯುವ ಕಿಣ್ವ ಈ ತಿರುಚಿದ ಜೋಡಣೆಯನ್ನು ತನ್ನ ತುದಿಯೆಂದು ಗುರುತಿಸುವುದಿಲ್ಲ. ಇನ್ನೊಂದು ಪ್ರಯೋಜನ ಕೋಶಕೇಂದ್ರದ ಹೊರಗಿದೆ: ರೈಬೋಸೋಮನ್ನು ಆರ್‌ಎನ್‌ಎಯ ಮೇಲೆ ಕೂರಿಸುವ ಪ್ರೋಟೀನ್‌ಗಳು ಮೊದಲು ಹಿಡಿಯುವುದು ಈ ಟೋಪಿಯನ್ನೇ. ಟೋಪಿಯಿಲ್ಲದ ಪ್ರತಿ ಹೆಚ್ಚು ಕಾಲ ಬಾಳುವುದಿಲ್ಲ, ಬಾಳಿದರೂ ಅದನ್ನು ಸರಿಯಾಗಿ ಓದುವವರಿಲ್ಲ.

ಜೀನಿನಲ್ಲಿ ಇನ್ನೂರು A ಗಳ ಸಾಲು ಎಲ್ಲಿಯೂ ಕಾಣುವುದಿಲ್ಲ. ಹಾಗಾದರೆ ಪಾಲಿ-ಎ ಬಾಲ ಎಲ್ಲಿಂದ ಬಂತು?

ಒಳ್ಳೆಯ ಪ್ರಶ್ನೆ, ಹುಡುಕಿ ನೋಡಿದವರು ಮಾತ್ರ ಕೇಳುವಂಥದ್ದು. ಬಾಲ ಜೀನಿನಲ್ಲಿ ಬರೆದಿಲ್ಲ. ಅಲ್ಲಿ ಬರೆದಿರುವುದು AATAAA ಎಂಬ ಆರು ಅಕ್ಷರದ ಗುರುತು ಮಾತ್ರ. ನಕಲು ಈ ಗುರುತನ್ನು ದಾಟಿದ ಮೇಲೆ ಪ್ರೋಟೀನ್‌ಗಳ ಒಂದು ತಂಡ ಅದನ್ನು ಹಿಡಿದು, ಅಲ್ಲಿಂದ 10–30 ಅಕ್ಷರ ಮುಂದೆ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಆ ಹೊಸ ತುದಿಗೆ ಪಾಲಿ-ಎ ಪಾಲಿಮರೇಸ್ ಎಂಬ ಕಿಣ್ವ ಯಾವ ಅಚ್ಚನ್ನೂ ನೋಡದೆ ಒಂದರ ಹಿಂದೊಂದು A ಸೇರಿಸುತ್ತಾ ಹೋಗುತ್ತದೆ. ಸಸ್ತನಿಗಳಲ್ಲಿ ಅದು ಸುಮಾರು 200–250ಕ್ಕೆ ನಿಲ್ಲುತ್ತದೆ. ಕೋಶದ್ರವ್ಯದಲ್ಲಿ ಬಾಲ ಕಾಲಕ್ರಮೇಣ ಸವೆಯುತ್ತದೆ. ತೀರಾ ಗಿಡ್ಡವಾದಾಗ ಆ ಪ್ರತಿಯ ಆಯಸ್ಸು ಮುಗಿಯಿತು. ಈ ನಿಯಮಕ್ಕೆ ಒಂದು ಹೊರತು ನೆನಪಿರಲಿ: ಕೋಶ ವಿಭಜನೆಯ ಹೊತ್ತಿಗೆ ಬೇಕಾಗುವ ಹಿಸ್ಟೋನ್ ಪ್ರೋಟೀನ್‌ಗಳ ಎಂಆರ್‌ಎನ್‌ಎಗೆ ಬಾಲವೇ ಇರುವುದಿಲ್ಲ.

ಟೋಪಿ, ಕತ್ತರಿ, ಬಾಲ: ಯಾವುದು ಮೊದಲು?

ಟೋಪಿ ಮೊದಲು. ನಕಲು 20–30 ಅಕ್ಷರ ಹೊರಬರುವಷ್ಟರಲ್ಲೇ ಅದು ಏರಿರುತ್ತದೆ. ಸ್ಪ್ಲೈಸಿಂಗ್ ನಕಲು ನಡೆಯುತ್ತಿರುವಾಗಲೇ ಶುರುವಾಗುತ್ತದೆ. ಬಾಲ ಕೊನೆಯ ತುದಿ ಬಂದ ಮೇಲೆ. ಮೂರನ್ನೂ ಬೇರೆ ಬೇರೆ ಚಿತ್ರಗಳಲ್ಲಿ ಬಿಡಿಸುವುದರಿಂದ ಒಂದು ಮುಗಿದ ಮೇಲೆಯೇ ಇನ್ನೊಂದು ಎಂಬ ಭಾವನೆ ಬರುತ್ತದೆ. ಅದನ್ನು ಬಿಡಬೇಕು.

## ಕತ್ತರಿ ಬೀಳುವ ಜಾಗ

ಎಲ್ಲಿ ಕತ್ತರಿಸಬೇಕೆಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಇಂಟ್ರಾನಿನ ಮೊದಲಲ್ಲಿ GT, ಕೊನೆಯಲ್ಲಿ AG ಇರುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಅಷ್ಟೇ ಸಾಲದು. HBBಯ 130 ಅಕ್ಷರದ ಮೊದಲ ಇಂಟ್ರಾನಿನೊಳಗೆ GT ಇನ್ನೂ ಹಲವು ಕಡೆ ಸಿಗುತ್ತದೆ, ಆದರೆ ಅಲ್ಲಿ ಕತ್ತರಿ ಬೀಳುವುದಿಲ್ಲ. ನೋಡಬೇಕಾದದ್ದು ಸುತ್ತಲಿನ ಅಕ್ಷರಗಳನ್ನು.

U1 ಎಂಬ ಪುಟ್ಟ ಆರ್‌ಎನ್‌ಎ ಇದೆ. ಅದರ ತುದಿಯ ಅಕ್ಷರಗಳು ಎಕ್ಸಾನ್ ಮುಗಿದು ಇಂಟ್ರಾನ್ ಆರಂಭವಾಗುವ ಗಡಿಯ ಅಕ್ಷರಗಳೊಂದಿಗೆ ಜೋಡಿಯಾಗುತ್ತವೆ. ಪೂರ್ತಿ ಜೋಡಿಯಾಗುವ ಗಡಿ `CAG|GTAAGT`. ಗೆರೆಯ ಎಡಕ್ಕೆ ಎಕ್ಸಾನ್, ಬಲಕ್ಕೆ ಇಂಟ್ರಾನ್. ಎಷ್ಟು ಹೆಚ್ಚು ಅಕ್ಷರ ಹೊಂದುತ್ತವೆಯೋ ಅಷ್ಟು ಗಟ್ಟಿಯಾಗಿ U1 ಹಿಡಿಯುತ್ತದೆ. ಇತ್ತ ಇಂಟ್ರಾನಿನ ಕೊನೆಯ ಹತ್ತಿರ ಒಂದು A ಕಾದಿರುತ್ತದೆ. HBBಯ ಮೊದಲ ಇಂಟ್ರಾನಿನಲ್ಲಿ ಅದು ಕೊನೆಯಿಂದ ಎಣಿಸಿದರೆ 37ನೆಯ ಅಕ್ಷರ. ಅದನ್ನು U2 ಎಂಬ ಇನ್ನೊಂದು ಪುಟ್ಟ ಆರ್‌ಎನ್‌ಎ ಹಿಡಿಯುತ್ತದೆ. ನಂತರ U4, U5, U6 ಬಂದು ಸೇರಿ ಸ್ಪ್ಲೈಸಿಯೋಸೋಮ್ ಎಂಬ ದೊಡ್ಡ ಯಂತ್ರ ಕಟ್ಟಿಕೊಳ್ಳುತ್ತದೆ.

ಕೆಲಸ ಎರಡೇ ಹೆಜ್ಜೆ. ಮೊದಲು ಆ A ತನ್ನ ಸಕ್ಕರೆಯ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಗುಂಪಿನಿಂದ ಮೊದಲ ಗಡಿಯ ಮೇಲೆ ಎರಗುತ್ತದೆ. ಗಡಿ ಬಿಡುತ್ತದೆ, ಇಂಟ್ರಾನಿನ ಮೊದಲ G ಈ A ಗೆ ಅಂಟಿಕೊಂಡು ಕುಣಿಕೆಯಾಗುತ್ತದೆ. ಎರಡನೆಯದಾಗಿ, ಬಿಡಿಯಾದ ಎಕ್ಸಾನಿನ ತುದಿ ಇಂಟ್ರಾನಿನ ಕೊನೆಯ AGಯ ಆಚೆಗಿನ ಗಡಿಯ ಮೇಲೆ ಎರಗುತ್ತದೆ. ಎರಡು ಎಕ್ಸಾನ್ ಬೆಸೆದುಕೊಳ್ಳುತ್ತವೆ, ಕುಣಿಕೆ ಕಳಚಿ ಬೀಳುತ್ತದೆ. ಒಂದು ಅಕ್ಷರವೂ ಹೆಚ್ಚುಕಡಿಮೆ ಆಗುವಂತಿಲ್ಲ.

ಇದನ್ನು ಮೊದಲು ಕಂಡವರು ಯಾರು?

1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು, ಬೇರೆ ಬೇರೆಯಾಗಿ. ಅಡಿನೋವೈರಸ್‌ನ ಎಂಆರ್‌ಎನ್‌ಎಯನ್ನು ಅದರ ಡಿಎನ್‌ಎಗೆ ಜೋಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೋಡಿ ಸಿಗದ ಡಿಎನ್‌ಎ ಭಾಗಗಳು ಕುಣಿಕೆಗಳಾಗಿ ಹೊರಗೆ ಚಾಚಿದ್ದವು. ಇಬ್ಬರಿಗೂ 1993ರಲ್ಲಿ ನೊಬೆಲ್ ಬಂತು.

## ವರದಿಯಲ್ಲಿನ ಒಂದು ಸಾಲು

ಮಗಳ ವರದಿಯಲ್ಲಿ IVS1-5 (G>C) ಎಂದಿದೆ. ಅದು ಇಂಟ್ರಾನಿನಲ್ಲಿದೆ ಎನ್ನುತ್ತಾರೆ. ಎಸೆಯುವ ಭಾಗದಲ್ಲಿನ ತಪ್ಪು ರೋಗ ತರುವುದು ಹೇಗೆ?

ಈ ಪುಟ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತರೋಗಕ್ಕೆ ಅತಿ ಹೆಚ್ಚು ಕಾಣುವ ಕಾರಣ ಇದೊಂದು ಅಕ್ಷರದ ಬದಲಾವಣೆ. IVS1 ಎಂದರೆ ಮೊದಲ ಇಂಟ್ರಾನ್. ಅದರ ಐದನೆಯ ಅಕ್ಷರ G ಇರಬೇಕಾದಲ್ಲಿ C ಇದೆ. ಮೂರು ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿ:

```
CAG|GTAAGT   U1ಗೆ ಪೂರ್ತಿ ಹೊಂದುವ ಗಡಿ
CAG|GTTGGT   HBBಯ ಸಹಜ ಗಡಿ
CAG|GTTGCT   IVS1-5 (G>C)
```

HBBಯ ಸಹಜ ಗಡಿಯಲ್ಲೇ ಎರಡು ಅಕ್ಷರ ಹೊಂದುವುದಿಲ್ಲ, ಆದರೂ ಕೆಲಸ ನಡೆಯುತ್ತದೆ. ಐದನೆಯ Gಯೂ ಹೋದರೆ U1ನ ಹಿಡಿತ ಸಡಿಲವಾಗುತ್ತದೆ. ಆಗ ಸುತ್ತಮುತ್ತ ಅಲ್ಲಿಯವರೆಗೆ ಸುಮ್ಮನಿದ್ದ ಮೂರು ಹುಸಿ ಗಡಿಗಳು ಕೆಲಸಕ್ಕೆ ಬರುತ್ತವೆ. ಎರಡು ಎಕ್ಸಾನಿನೊಳಗೆ, ನಿಜವಾದ ಗಡಿಗಿಂತ 16 ಮತ್ತು 38 ಅಕ್ಷರ ಹಿಂದೆ. ಒಂದು ಇಂಟ್ರಾನಿನಲ್ಲಿ, 12 ಅಕ್ಷರ ಮುಂದೆ. ಮೊದಲ ಎರಡು ಸಂಖ್ಯೆಗಳಲ್ಲಿ ಒಂದಾದರೂ ಮೂರರಿಂದ ಭಾಗವಾಗುತ್ತದೆಯೇ ನೋಡಿ. ಇಲ್ಲ. ಪ್ರೋಟೀನಿನ ಓದು ಮೂರು ಮೂರು ಅಕ್ಷರಗಳಲ್ಲಿ ನಡೆಯುವುದರಿಂದ, ಆ ಎರಡರಲ್ಲಿ ಎಲ್ಲಿ ಕತ್ತರಿಸಿದರೂ ಮುಂದಿನ ಓದೆಲ್ಲ ಕೆಡುತ್ತದೆ. ಮೂರನೆಯದರಲ್ಲಿ ಓದು ಜಾರುವುದಿಲ್ಲ, ಆದರೆ ಇಂಟ್ರಾನಿನ 12 ಅಕ್ಷರ ನಡುವೆ ಉಳಿದುಬಿಡುತ್ತದೆ.

16 ಅಕ್ಷರ ಹಿಂದೆ ಕತ್ತರಿಸಿದರೆ ಏನಾಗುತ್ತದೆ ಎಂದು ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೇ ಮಾಡಿಸುತ್ತೇನೆ:

```
ಸರಿ    GGT GGT GAG GCC CTG GGC AGG CTG CTG ...
ತಪ್ಪು   GGT GGC TGC TGG TGG TCT ACC CTT ... CTA AGG TGA
```

ಎರಡನೆಯ ಸಾಲಿನ ಕೊನೆಯ TGA ನಿಲುಗಡೆಯ ಸಂಕೇತ. ಸರಿಯಾದ ಓದಿನಲ್ಲಿ ಇದೇ ಅಕ್ಷರಗಳು AAG GTG AAG ಎಂದು ಒಡೆಯುತ್ತವೆ, ಆಗ ಅಲ್ಲಿ TGA ಇರುವುದು ತಿಳಿಯುವುದೇ ಇಲ್ಲ. ಓದು ಜಾರಿದ ಕೂಡಲೇ ಅದು ಎದ್ದು ನಿಲ್ಲುತ್ತದೆ. 146 ಅಮೈನೋ ಆಮ್ಲಗಳ ಸರಪಣಿ ಅರ್ಧ ದಾರಿಗೂ ಮುಂಚೆ ನಿಂತುಬಿಡುತ್ತದೆ.

ಹಾಗಾದರೆ ಮೊಟಕು ಪ್ರೋಟೀನ್ ದೇಹದಲ್ಲಿ ತುಂಬಿಕೊಳ್ಳುತ್ತದೆಯೇ?

ಬಹುಪಾಲು ಇಲ್ಲ, ಏಕೆಂದರೆ ಆ ಪ್ರತಿಯನ್ನೇ ಕೋಶ ನಾಶಮಾಡುತ್ತದೆ. ಎರಡು ಎಕ್ಸಾನ್ ಬೆಸೆದ ಕಡೆಯಲ್ಲೆಲ್ಲ ಸ್ಪ್ಲೈಸಿಂಗ್ ಯಂತ್ರ ಬೆಸುಗೆಗಿಂತ 20–24 ಅಕ್ಷರ ಹಿಂದೆ ಪ್ರೋಟೀನ್‌ಗಳ ಒಂದು ಗುರುತು ಬಿಟ್ಟು ಹೋಗುತ್ತದೆ. ಮೊದಲ ಸಲ ಓದುವ ರೈಬೋಸೋಮ್ ಈ ಗುರುತುಗಳನ್ನು ಉದುರಿಸುತ್ತಾ ಸಾಗುತ್ತದೆ. ಕೊನೆಯ ಬೆಸುಗೆಗಿಂತ ಸುಮಾರು 50 ಅಕ್ಷರಕ್ಕೂ ಹಿಂದೆಯೇ ಅದು ನಿಂತರೆ ಮುಂದಿನ ಗುರುತು ಉದುರದೆ ಉಳಿಯುತ್ತದೆ. ಪ್ರತಿ ಕೆಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಮೇಲಿನ TGA ಎರಡನೆಯ ಎಕ್ಸಾನಿನ ಕೊನೆಗೆ ಇನ್ನೂ 131 ಅಕ್ಷರ ಇರುವಾಗಲೇ ಬರುತ್ತದೆ, ಆದ್ದರಿಂದ ಸಿಕ್ಕಿಬೀಳುತ್ತದೆ.

ಹೀಗಾಗಿ ಈ ರೋಗದಲ್ಲಿ ತೊಂದರೆ ಕೊಡುವುದು ಬೀಟಾ ಸರಪಣಿಯ ಕೊರತೆ. ಹಿಮೋಗ್ಲೋಬಿನ್ನಿನಲ್ಲಿ ಬೀಟಾದೊಂದಿಗೆ ಸೇರಬೇಕಾಗಿದ್ದು ಜೊತೆ ಸಿಗದ ಆಲ್ಫಾ ಸರಪಣಿಗಳು ಬೆಳೆಯುತ್ತಿರುವ ಕೆಂಪು ರಕ್ತಕಣಗಳೊಳಗೆ ಗಟ್ಟಿಯಾಗಿ ಕುಳಿತು, ಅವು ಅಸ್ಥಿಮಜ್ಜೆಯಲ್ಲೇ ಸಾಯುವಂತೆ ಮಾಡುತ್ತವೆ.

IVS1-1 ಎಂದು ಬಂದರೆ ಇನ್ನೂ ಕೆಟ್ಟದ್ದು ಎನ್ನುತ್ತಾರೆ. ನಾಲ್ಕು ಅಕ್ಷರದ ಅಂತರಕ್ಕೆ ಅಷ್ಟು ವ್ಯತ್ಯಾಸವೇ?

ಹೌದು. ಇಂಟ್ರಾನಿನ ಮೊದಲ G ಇಲ್ಲದೆ ಆ ಗಡಿಯಲ್ಲಿ ಸರಿಯಾದ ಬೆಸುಗೆ ಸಾಧ್ಯವೇ ಇಲ್ಲ. ಆ ಜೀನಿನಿಂದ ಬೀಟಾ ಸರಪಣಿ ಬರುವುದಿಲ್ಲ. ಐದನೆಯ G ಹೋದಾಗ U1 ಆಗೊಮ್ಮೆ ಈಗೊಮ್ಮೆ ನಿಜವಾದ ಗಡಿಯನ್ನು ಹಿಡಿಯುತ್ತದೆ, ಸ್ವಲ್ಪ ಸರಿಯಾದ ಪ್ರತಿಯೂ ಹುಟ್ಟುತ್ತದೆ. ಆದರೆ ಎರಡೂ ಜೀನ್ ಪ್ರತಿಗಳಲ್ಲಿ IVS1-5 ಇದ್ದರೆ ಆ ಸ್ವಲ್ಪ ಸಾಕಾಗುವುದಿಲ್ಲ. ಹೆಚ್ಚಿನ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಡಬೇಕಾಗುತ್ತದೆ.

ನನಗೆ ರಕ್ತಹೀನತೆ ಎಂದು ಕಬ್ಬಿಣಾಂಶದ ಮಾತ್ರೆ ನುಂಗಿದ್ದೇ ನುಂಗಿದ್ದು, ಏರಲಿಲ್ಲ. ನಾನು ವಾಹಕಿ ಇರಬಹುದೇ?

ಇರಬಹುದು, ಪರೀಕ್ಷಿಸಿಯೇ ಹೇಳಬೇಕು. ಜೀನಿನ ಒಂದು ಪ್ರತಿ ಕೆಟ್ಟು ಇನ್ನೊಂದು ಸರಿಯಿದ್ದವರು ವಾಹಕರು. ಅವರಿಗೆ ಸಾಮಾನ್ಯವಾಗಿ ಯಾವ ಕಾಯಿಲೆಯೂ ಇರುವುದಿಲ್ಲ. ಸಾದಾ ರಕ್ತಪರೀಕ್ಷೆಯಲ್ಲಿ ಕಣಗಳ ಗಾತ್ರ, ಅಂದರೆ ವರದಿಯ MCV, ತುಂಬಾ ಕಡಿಮೆ ಇದ್ದು, ಕಣಗಳ ಎಣಿಕೆ ಮಾತ್ರ ಚೆನ್ನಾಗಿದ್ದರೆ ಅನುಮಾನ ಪಡಬೇಕು. ಕಬ್ಬಿಣಾಂಶದ ಕೊರತೆಯಲ್ಲಿ ಸಾಮಾನ್ಯವಾಗಿ ಎಣಿಕೆಯೂ ಇಳಿಯುತ್ತದೆ. ಮುಂದಿನದು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ HPLC ಪರೀಕ್ಷೆ. ಅದರಲ್ಲಿ HbA2 ಎಂಬ ಬಗೆ ಶೇ. 3.5–4ಕ್ಕಿಂತ ಮೇಲಿದ್ದರೆ ಬೀಟಾ ಥಲಸ್ಸೀಮಿಯಾದ ವಾಹಕರೆಂದು ತಿಳಿಯುತ್ತಾರೆ. ಒಂದು ಎಚ್ಚರ: ಕಬ್ಬಿಣಾಂಶದ ತೀವ್ರ ಕೊರತೆಯೂ ಜೊತೆಗಿದ್ದರೆ HbA2 ಇಳಿದು ವರದಿ ಸರಿಯೆಂಬಂತೆ ಕಾಣಬಹುದು. ಯಾವ ಅಕ್ಷರ ಬದಲಾಗಿದೆ ಎಂಬುದು ಡಿಎನ್‌ಎ ಪರೀಕ್ಷೆಯಲ್ಲಿ ಮಾತ್ರ ತಿಳಿಯುತ್ತದೆ. ಮಾತ್ರೆ ನಿಲ್ಲಿಸುವ, ಮುಂದುವರಿಸುವ ನಿರ್ಧಾರ ವೈದ್ಯರದ್ದೇ.

ಸೋದರಮಾವನ ಮಗನೊಂದಿಗೆ ಮಾತುಕತೆ ನಡೆದಿದೆ. ಪರೀಕ್ಷೆ ಮಾಡಿಸಬೇಕೇ?

ಮಾಡಿಸಿ. ಒಂದೇ ಅಜ್ಜ ಅಜ್ಜಿಯಿಂದ ಇಬ್ಬರಿಗೂ ಅದೇ ಅಕ್ಷರದ ತಪ್ಪು ಇಳಿದಿರುವ ಸಾಧ್ಯತೆ ಹೊರಗಿನ ಸಂಬಂಧಕ್ಕಿಂತ ಹೆಚ್ಚು. ನಮ್ಮ ಕಡೆ ಸೋದರ ಸಂಬಂಧದ ಮದುವೆ ಸಾಮಾನ್ಯ, ಅದನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಇಬ್ಬರಲ್ಲಿ ಒಬ್ಬರು ಮಾತ್ರ ವಾಹಕರಾದರೆ ಮಕ್ಕಳಿಗೆ ತೀವ್ರ ರೋಗದ ಭಯವಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭಧಾರಣೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಮೊದಲ ಮಗುವಿಗೆ ಬಂದಿದೆ ಎಂದು ಮುಂದಿನ ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಈಗಾಗಲೇ ಮದುವೆಯಾಗಿದ್ದರೆ ಗರ್ಭದ ಆರಂಭದ ತಿಂಗಳುಗಳಲ್ಲೇ ಪರೀಕ್ಷೆ ಸಾಧ್ಯ, ಅದಕ್ಕೆ ತಂದೆತಾಯಿಗಳ ಬದಲಾವಣೆ ಯಾವುದೆಂದು ಮೊದಲೇ ತಿಳಿದಿರಬೇಕು.

## ಇನ್ನಷ್ಟು ಆಳಕ್ಕೆ

ಹಿಮೋಗ್ಲೋಬಿನ್ ಇ ಎಂದರೆ ಅಮೈನೋ ಆಮ್ಲದ ಬದಲಾವಣೆ ಅಲ್ಲವೇ? ಅದನ್ನೂ ಥಲಸ್ಸೀಮಿಯಾ ಜೊತೆ ಏಕೆ ಸೇರಿಸುತ್ತಾರೆ?

ಬಂಗಾಳಿ ಕುಟುಂಬಗಳು ದಶಕಗಳಿಂದ ನೆಲೆಸಿರುವ ಸಿಂಧನೂರಿನ ಕಡೆಯಿಂದ ಈ ಪ್ರಶ್ನೆ ಬರುತ್ತದೆ; ಬಂಗಾಳ ಮತ್ತು ಈಶಾನ್ಯ ರಾಜ್ಯಗಳಲ್ಲಿ ಹಿಮೋಗ್ಲೋಬಿನ್ ಇ ಸಾಮಾನ್ಯ. ಅದರಲ್ಲಿ HBBಯ 26ನೆಯ ಮೂರಕ್ಷರದ ಸಂಕೇತ GAG ಇದ್ದದ್ದು AAG ಆಗಿದೆ, ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ಲೈಸಿನ್ ಬರುತ್ತದೆ. ಅಷ್ಟೇ ಆಗಿದ್ದರೆ ಥಲಸ್ಸೀಮಿಯಾ ಎನ್ನಬೇಕಿರಲಿಲ್ಲ. ಆದರೆ ಆ ಅಕ್ಷರ ಇರುವುದು ಮೇಲೆ ಹೇಳಿದ, 16 ಅಕ್ಷರ ಹಿಂದಿನ ಹುಸಿ ಗಡಿಯ ಒಳಗೇ. `GTG|GTGAGG` ಇದ್ದದ್ದು `GTG|GTAAGG` ಆಗುತ್ತದೆ, ಅಂದರೆ U1ಗೆ ಇನ್ನಷ್ಟು ಹೊಂದುವಂತಾಗುತ್ತದೆ. ನಿಜವಾದ ಗಡಿ ಚೆನ್ನಾಗಿಯೇ ಇದ್ದರೂ ಒಂದಿಷ್ಟು ಪ್ರತಿಗಳು ಹುಸಿ ಗಡಿಯಲ್ಲಿ ಕತ್ತರಿಸಿಹೋಗುತ್ತವೆ. ಒಂದೇ ಅಕ್ಷರ ಪ್ರೋಟೀನನ್ನೂ ಬದಲಿಸಿತು, ಅದರ ಪ್ರಮಾಣವನ್ನೂ ಇಳಿಸಿತು. ಜೀನಿನ ಎರಡೂ ಪ್ರತಿ ಇ ಆಗಿದ್ದರೂ ತೊಂದರೆ ಸೌಮ್ಯ. ಒಂದು ಇ, ಇನ್ನೊಂದು IVS1-5 ಆದರೆ ತೀವ್ರವಾಗಬಹುದು.

ಟೋಪಿ ಮತ್ತು ಬಾಲದ ಜಾಗದಲ್ಲಿ ಅಕ್ಷರ ತಪ್ಪಿದರೆ?

ಇದೇ ಜೀನಿನಲ್ಲಿ ಎರಡಕ್ಕೂ ಉದಾಹರಣೆ ಇದೆ. ಟೋಪಿ ಏರುವ ಮೊದಲ ಅಕ್ಷರ A ಬದಲು C ಆಗಿರುವುದನ್ನು ಭಾರತೀಯ ಮೂಲದವರಲ್ಲಿ ಗುರುತಿಸಿದ್ದಾರೆ. ಪರಿಣಾಮ ಬಹಳ ಸೌಮ್ಯ, ವಾಹಕರ ರಕ್ತಪರೀಕ್ಷೆ ಸಹಜವೆಂಬಂತೆಯೇ ಇರಬಹುದು. ಇನ್ನೊಂದರಲ್ಲಿ AATAAA ಎಂಬುದು AACAAA ಆಗಿದೆ. ಗುರುತು ಕಾಣದೆ ಕತ್ತರಿಸುವ ತಂಡ ಮುಂದೆ ಸಾಗಿ, ಸುಮಾರು 900 ಅಕ್ಷರ ಆಚೆ ಸಿಗುವ ಇನ್ನೊಂದು ಗುರುತಿನಲ್ಲಿ ಕತ್ತರಿಸುತ್ತದೆ. ಪ್ರೋಟೀನಿನ ಬರಹ ಒಂದಿಷ್ಟೂ ಕೆಟ್ಟಿಲ್ಲ, ಆದರೂ ಆ ಉದ್ದನೆಯ ಆರ್‌ಎನ್‌ಎ ಬಾಳಿಕೆ ಬರುವುದಿಲ್ಲ, ಬೀಟಾ ಸರಪಣಿ ಕಡಿಮೆಯಾಗುತ್ತದೆ.

ರಾಯಚೂರಿನಲ್ಲಿ ಬಿಟಿ ಹತ್ತಿ ಬೆಳೆಯುತ್ತೇವೆ. ಬ್ಯಾಕ್ಟೀರಿಯಾದ ಜೀನಿಗೆ ಇಂಟ್ರಾನ್ ಇಲ್ಲವಲ್ಲ, ಗಿಡ ಅದನ್ನು ಓದುವುದು ಹೇಗೆ?

ಇಂಟ್ರಾನ್ ಇಲ್ಲದಿದ್ದರೆ ಓದಲು ಅಡ್ಡಿಯಿಲ್ಲ. ಅಡ್ಡಿ ಬಂದದ್ದು ಬೇರೆ ಕಡೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ಕ್ರೈ ಜೀನಿನಲ್ಲಿ A ಮತ್ತು T ವಿಪರೀತ. ಹೀಗಾಗಿ ಅದರ ನಡುನಡುವೆ AATAAA ತರಹದ ಸಾಲುಗಳು ಮತ್ತು ಇಂಟ್ರಾನಿನ ಗಡಿಯಂತೆ ಕಾಣುವ ಸಾಲುಗಳು ಆಕಸ್ಮಿಕವಾಗಿ ಇವೆ. ಬ್ಯಾಕ್ಟೀರಿಯಾಕ್ಕೆ ಅವು ಅರ್ಥವಿಲ್ಲದವು. ಗಿಡ ಮಾತ್ರ ಅವನ್ನು ನಿಜವೆಂದು ನಂಬಿ ನಡುವೆಯೇ ಕತ್ತರಿಸಬಹುದು. ಮೂಲ ಜೀನನ್ನು ಹಾಗೇ ಗಿಡಕ್ಕೆ ಸೇರಿಸಿದಾಗ ಕಾಯಿಕೊರಕವನ್ನು ಕೊಲ್ಲುವಷ್ಟು ಪ್ರೋಟೀನ್ ಬರಲಿಲ್ಲ. ಒಂದೇ ಅಮೈನೋ ಆಮ್ಲಕ್ಕೆ ಹಲವು ಸಂಕೇತಗಳಿರುವುದರಿಂದ, ಪ್ರೋಟೀನ್ ಕೆಡದಂತೆ ಜೀನಿನ ಅಕ್ಷರಗಳನ್ನು ಬದಲಿಸಿ ಆ ಹುಸಿ ಗುರುತುಗಳನ್ನು ಅಳಿಸಿದರು. 1991ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಪ್ರೋಟೀನ್ ನೂರು ಪಟ್ಟಿನವರೆಗೆ ಏರಿತು. ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯ ಹಿಂದೆ ಈ ತಿದ್ದುಪಡಿಯ ತಿಳಿವಳಿಕೆ ಇದೆ.

ಕೊನೆಗೂ ಇಂಟ್ರಾನ್ ಕಸವೇ?

ಕಸವೆನ್ನಲು ನನಗೆ ಮನಸ್ಸಿಲ್ಲ, ಕಾರಣವೂ ಇದೆ. ಎಲ್ಲ ಇಂಟ್ರಾನಿನ ಪ್ರತಿ ಅಕ್ಷರಕ್ಕೂ ಕೆಲಸವಿದೆ ಎಂದೇನೂ ಅಲ್ಲ. ನಡುವಿನ ಬಹಳಷ್ಟು ಬದಲಾದರೂ ಏನೂ ಆಗುವುದಿಲ್ಲ. ಆದರೆ ಕೆಲವು ಇಂಟ್ರಾನ್‌ಗಳೊಳಗೆ ಜೀನನ್ನು ಚುರುಕುಗೊಳಿಸುವ ಸ್ವಿಚ್‌ಗಳಿವೆ. BCL11A ಎಂಬ ಜೀನ್ ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ ತಯಾರಿಕೆಯನ್ನು ಅದುಮಿಡುತ್ತದೆ. ಕೆಂಪು ರಕ್ತಕಣಗಳ ವಂಶದ ಕೋಶಗಳಲ್ಲಿ ಅದನ್ನು ಚುರುಕಾಗಿಡುವ ಸ್ವಿಚ್ ಇರುವುದು ಅದರದೇ ಎರಡನೆಯ ಇಂಟ್ರಾನಿನಲ್ಲಿ. 2023ರ ನವೆಂಬರ್‌ನಲ್ಲಿ ಬ್ರಿಟನ್ ಅನುಮತಿ ಕೊಟ್ಟ ಕ್ಯಾಸ್‌ಜೆವಿ ಚಿಕಿತ್ಸೆಯಲ್ಲಿ ರೋಗಿಯದೇ ಆಕರಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಕತ್ತರಿಯಿಂದ ಆ ಇಂಟ್ರಾನಿನ ಸ್ವಿಚ್ಚನ್ನು ಕೆಡಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಅದುಮಿದ್ದು ಸಡಿಲವಾಗಿ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ಬರುತ್ತದೆ, ಅದಕ್ಕೆ ಬೀಟಾ ಸರಪಣಿಯ ಹಂಗಿಲ್ಲ. HBBಯಲ್ಲಿನ ತಪ್ಪು ಅಕ್ಷರ ಮಾತ್ರ ಇದ್ದಲ್ಲೇ ಇರುತ್ತದೆ, ಮಕ್ಕಳಿಗೂ ಇಳಿಯಬಹುದು. ಕೋಶ ಸೇರಿಸುವ ಮುನ್ನ ಇರುವ ಮಜ್ಜೆಯನ್ನು ಪ್ರಬಲ ಔಷಧಿಯಿಂದ ಬರಿದು ಮಾಡಬೇಕಾದ್ದರಿಂದ, ಇದು ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಮಾಡಿಸಿಕೊಳ್ಳಬೇಕಾದ ಕಠಿಣ ಚಿಕಿತ್ಸೆ.